ಡಾಟ್ ಗುಣಲಬ್ಧದಿಂದ ಕೋನ ಮತ್ತು ಪ್ರೊಜೆಕ್ಷನ್: ಪಾವಗಡದ ಬಿಸಿಲಿನ ಒಂದು ಲೆಕ್ಕ

ಪ್ರಶ್ನೆ: ಎರಡು ಸದಿಶಗಳ ಡಾಟ್ ಗುಣಲಬ್ಧ ಮಾಡಲು ನನಗೆ ಬರುತ್ತದೆ. ಆದರೆ ಪ್ರೊಜೆಕ್ಷನ್ ಕೇಳಿದಾಗ ಒಂದು ಕಡೆ |b| ಯಿಂದ, ಇನ್ನೊಂದು ಕಡೆ |b|² ನಿಂದ ಭಾಗಿಸುತ್ತಾರೆ. ಯಾವುದು ಸರಿ? ಉತ್ತರ ಋಣವಾಗಿ ಬಂದರೆ ಲೆಕ್ಕ ತಪ್ಪಿದೆ ಎಂದು ಅರ್ಥವೇ?

ಎರಡೂ ಸರಿ, ಆದರೆ ಅವು ಬೇರೆ ಬೇರೆ ಉತ್ತರಗಳು. a·b ಯನ್ನು |b| ಯಿಂದ ಭಾಗಿಸಿದಾಗ ಸಿಗುವುದು ಒಂದು ಸಂಖ್ಯೆ. b ಯ ದಿಕ್ಕಿನಲ್ಲಿ a ಎಷ್ಟು ದೂರ ಸಾಗುತ್ತದೆ ಎಂಬುದರ ಅಳತೆ ಅದು. ಆ ಭಾಗವೇ ಸದಿಶವಾಗಿ ಬೇಕಿದ್ದರೆ, ಈ ಸಂಖ್ಯೆಯನ್ನು b ಯ ದಿಕ್ಕಿನ ಏಕಮಾನ ಸದಿಶವಾದ b/|b| ಯಿಂದ ಗುಣಿಸಬೇಕು. ಹಾಗೆ ಗುಣಿಸುವಾಗ ಛೇದದಲ್ಲಿ |b| ಮತ್ತೊಮ್ಮೆ ಬರುವುದರಿಂದ ಅದು |b|² ಆಗುತ್ತದೆ; ಅದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ತುಮಕೂರಿನಲ್ಲಿ ಪಿಯು ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ನಾನು ನಮ್ಮ ಜಿಲ್ಲೆಯ ಪಾವಗಡದ ಸೌರ ಫಲಕಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಕೋನವೂ ಪ್ರೊಜೆಕ್ಷನ್ನೂ ನಿಜವಾಗಿ ಬೇಕಾಗುತ್ತವೆ. ಪೂರ್ವ, ಉತ್ತರ ಮತ್ತು ಮೇಲ್ಮುಖ ದಿಕ್ಕುಗಳನ್ನು ಕ್ರಮವಾಗಿ x, y, z ಅಕ್ಷಗಳೆಂದು ಇಟ್ಟುಕೊಳ್ಳಿ. ಪಾವಗಡ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಅಷ್ಟೇ ಕೋನದಲ್ಲಿ ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿದ ಫಲಕದ ಮೇಲ್ಮೈಗೆ ಲಂಬವಾಗಿರುವ ಸದಿಶವನ್ನು b = (0, −1, 4) ಎಂದು ಬರೆಯಬಹುದು. ಅಕ್ಟೋಬರ್ ಮಧ್ಯಭಾಗದಲ್ಲಿ ಬೆಳಿಗ್ಗೆ ಒಂಬತ್ತು ದಾಟಿದ ಹೊತ್ತಿಗೆ ಅಲ್ಲಿಂದ ಸೂರ್ಯ ಕಾಣುವ ದಿಕ್ಕು ಹೆಚ್ಚುಕಡಿಮೆ a = (2, −1, 2) ಆಗಿರುತ್ತದೆ.

```
a·b = (2)(0) + (−1)(−1) + (2)(4) = 9
|a| = √9 = 3,   |b| = √17 ≈ 4.123
cos θ = 9 / (3 × 4.123) ≈ 0.728,   θ ≈ 43.3°
```

ಘಟಕಗಳನ್ನು ಗುಣಿಸಿ ಕೂಡಿದರೆ ಕೋನ ಹೇಗೆ ಹೊರಬರುತ್ತದೆ ಎಂಬ ಅನುಮಾನ ಸಹಜವಾದುದು. a, b ಮತ್ತು a−b ಗಳು ಒಂದು ತ್ರಿಭುಜದ ಬಾಹುಗಳು. ಕೊಸೈನ್ ನಿಯಮದ ಪ್ರಕಾರ |a−b|² ಎಂಬುದು |a|² + |b|² − 2|a||b|cos θ ಗೆ ಸಮ. ಎಡಬದಿಯನ್ನು ಘಟಕಗಳಲ್ಲಿ ಬಿಡಿಸಿದರೆ |a|² + |b|² − 2(a·b) ಬರುತ್ತದೆ. ಎರಡನ್ನೂ ಹೋಲಿಸಿದೊಡನೆ a·b = |a||b|cos θ ಎಂಬುದು ತಾನಾಗಿಯೇ ಸಿದ್ಧಿಸುತ್ತದೆ.

ಈಗ ಪ್ರೊಜೆಕ್ಷನ್. ಸಂಖ್ಯೆಯಾಗಿ ಅದು 9/√17, ಅಂದರೆ ಸುಮಾರು 2.18, ಸದಿಶವಾಗಿ (9/17)(0, −1, 4), ಅಂದರೆ ಸುಮಾರು (0, −0.53, 2.12). ಈ ಸಂಖ್ಯೆಯನ್ನು a ಯ ಉದ್ದವಾದ 3 ರಿಂದ ಭಾಗಿಸಿದರೆ ಮತ್ತೆ 0.728 ಬರುತ್ತದೆ: ಆ ಹೊತ್ತಿನ ನೇರ ಬಿಸಿಲಿನಲ್ಲಿ, ಸೂರ್ಯನಿಗೆ ಎದುರಾಗಿ ನಿಂತ ಫಲಕಕ್ಕೆ ಸಿಗುವುದರ ಶೇಕಡಾ 73 ರಷ್ಟು ಮಾತ್ರ ನಮ್ಮ ಫಲಕಕ್ಕೆ ಸಿಗುತ್ತದೆ. ಫಲಕವನ್ನು ನೆಲಕ್ಕೆ ಸಮನಾಗಿ ಮಲಗಿಸಿದ್ದರೆ b = (0, 0, 1) ಆಗಿ ಕೊಸೈನ್ 2/3 ಕ್ಕೆ ಇಳಿಯುತ್ತಿತ್ತು. ಮೋಡ ಮತ್ತು ಧೂಳಿನಿಂದ ಚದುರಿ ಬರುವ ಬೆಳಕು ಎಲ್ಲ ದಿಕ್ಕುಗಳಿಂದಲೂ ಬೀಳುವುದರಿಂದ ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಉತ್ತರ ಸರಿಯೇ ಎಂದು ನೋಡಲು, a ಯಿಂದ ಪ್ರೊಜೆಕ್ಷನ್ ಸದಿಶವನ್ನು ಕಳೆಯಿರಿ. ಇಲ್ಲಿ ಉಳಿಯುವುದು (2, −8/17, −2/17); ಅದರ ಮತ್ತು b ಯ ಡಾಟ್ ಗುಣಲಬ್ಧ 8/17 − 8/17 = 0. ಉಳಿದ ಭಾಗ b ಗೆ ಲಂಬವಾಗಿರಲೇಬೇಕು. |b|² ನ ಬದಲು |b| ಯಿಂದ ಭಾಗಿಸಿ b ಯಿಂದ ಗುಣಿಸಿದ್ದರೆ ಇಲ್ಲಿ ಸೊನ್ನೆ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅರ್ಧ ನಿಮಿಷ ತೆಗೆದುಕೊಳ್ಳುವ ಈ ತಾಳೆಯನ್ನು ಯಾರೂ ಏಕೆ ಮಾಡುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಋಣ ಚಿಹ್ನೆ ತಪ್ಪಿನ ಗುರುತಲ್ಲ. ಕೋನ 90 ಡಿಗ್ರಿ ಮೀರಿದೆ ಎಂಬುದರ ಸೂಚನೆ. ಅದೇ ಹೊತ್ತಿನಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ b = (0, 1, 0); ಆಗ a·b = −1, ಕೋನ ಸುಮಾರು 109.5 ಡಿಗ್ರಿ, ಪ್ರೊಜೆಕ್ಷನ್ −1. ಸೂರ್ಯ ಗೋಡೆಯ ಹಿಂದಿದ್ದಾನೆ ಎಂದಷ್ಟೇ ಇದರ ಅರ್ಥ. ಗಣಿತದಲ್ಲಿ ಆ ಚಿಹ್ನೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಬಿಸಿಲಿನ ಲೆಕ್ಕದಲ್ಲಿ ಮಾತ್ರ ಅದನ್ನು ಸೊನ್ನೆ ಎಂದು ಪರಿಗಣಿಸಬೇಕು.

ಫಲಕದ ಲೆಕ್ಕದಲ್ಲಿ 43.3 ರ ಬದಲು 136.7 ಬಂದರೆ, ಸೂರ್ಯನ ಕಡೆಗಿನ ಸದಿಶದ ಬದಲು ಸೂರ್ಯನಿಂದ ನೆಲಕ್ಕೆ ಬರುವ ಕಿರಣದ ಸದಿಶವನ್ನು ತೆಗೆದುಕೊಂಡಿದ್ದೀರಿ. ಎರಡು ಸದಿಶಗಳ ಬಾಲಗಳೂ ಒಂದೇ ಬಿಂದುವಿನಲ್ಲಿರಬೇಕು. 46.7 ಬಂದರೆ ಲಂಬದೊಂದಿಗಿನ ಕೋನದ ಬದಲು ಫಲಕದ ಮೇಲ್ಮೈಯೊಂದಿಗಿನ ಕೋನವನ್ನು ಕಂಡುಹಿಡಿದಿದ್ದೀರಿ. 0.756 ಬಂದರೆ ಲೆಕ್ಕ ಸರಿಯಾಗಿಯೇ ಇದೆ, ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ.