ಫೀನಾಲ್‌ಗಿಂತ ಅಸಿಟಿಕ್ ಆಮ್ಲ ಏಕೆ ಪ್ರಬಲ?

"ಫೀನಾಕ್ಸೈಡ್‌ಗೆ ಐದು ರೆಸೊನೆನ್ಸ್ ರಚನೆ, ಅಸಿಟೇಟ್‌ಗೆ ಎರಡೇ. ಆದರೂ ಅಸಿಟಿಕ್ ಆಮ್ಲವೇ ಪ್ರಬಲ ಅಂತಾರಲ್ಲ, ಹೇಗೆ? (ದ್ವಿತೀಯ ಪಿಯುಸಿ, ಸಾಗರ)"

ರಚನೆಗಳನ್ನು ಎಣಿಸಬೇಡಿ, ಋಣ ಆವೇಶ ಎಲ್ಲಿ ಕೂರುತ್ತದೆ ನೋಡಿ. ಫೀನಾಕ್ಸೈಡ್‌ನ ಐದನ್ನೂ ಬರೆದರೆ ಮೂರರಲ್ಲಿ ಆವೇಶ ಉಂಗುರದ ಕಾರ್ಬನ್ ಮೇಲಿರುತ್ತದೆ, ಅಂದರೆ ಎರಡು ಆರ್ಥೋ ಸ್ಥಾನಗಳಲ್ಲಿ, ಒಂದು ಪ್ಯಾರಾದಲ್ಲಿ. ಕಾರ್ಬನ್‌ಗೆ ಆ ಆವೇಶ ಹೊರುವುದು ಕಷ್ಟ, ಜೊತೆಗೆ ಉಂಗುರದ ಆರೊಮ್ಯಾಟಿಕತೆಯೂ ಕೆಡುತ್ತದೆ. ಹಾಗಾಗಿ ಆ ಮೂರರ ಕೊಡುಗೆ ಕಡಿಮೆ. ಅಸಿಟೇಟ್‌ನಲ್ಲಿ ಎರಡೂ ರಚನೆಗಳು ಸಮಾನ, ಎರಡರಲ್ಲೂ ಆವೇಶ ಆಕ್ಸಿಜನ್ ಮೇಲೆಯೇ. ಅದಕ್ಕೇ ಅಸಿಟಿಕ್ ಆಮ್ಲದ pKa 4.76, ಫೀನಾಲ್‌ನದ್ದು ಸುಮಾರು 10.

ಇದನ್ನು ಕಣ್ಣಾರೆ ನೋಡಬಹುದು. ಕಾರ್ಬಾನಿಕ್ ಆಮ್ಲದ pKa ಸುಮಾರು 6.4. ಅದಕ್ಕಿಂತ ಪ್ರಬಲವಾದ ಆಮ್ಲ ಅಡುಗೆ ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಹೊರಡಿಸುತ್ತದೆ. ವಿನೆಗರ್ ಬುಸ್ ಅನ್ನುತ್ತದೆ, ಮನೆಯ ಮುರುಗಲು ಹಣ್ಣಿನ ರಸವೂ ಅಷ್ಟೇ, ಅದರಲ್ಲಿರುವುದೂ ಕಾರ್ಬಾಕ್ಸಿಲಿಕ್ ಆಮ್ಲಗಳೇ. ಫೀನಾಲ್ ಸುಮ್ಮನಿರುತ್ತದೆ. (ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ, ಚರ್ಮ ಸುಡುತ್ತದೆ.)

ಇದೇ ಜಾಡಿನಲ್ಲಿ ಇನ್ನೊಂದು ಬಲೆ ಬೆಂಜೋಯಿಕ್ ಆಮ್ಲ, pKa 4.20. ಇದು ಅಸಿಟಿಕ್‌ಗಿಂತ ಪ್ರಬಲವಾಗಿರುವುದಕ್ಕೆ "ಉಂಗುರದ ರೆಸೊನೆನ್ಸ್" ಎಂದು ಬರೆದರೆ ತಪ್ಪು. ಕಾರ್ಬಾಕ್ಸಿಲೇಟ್‌ನ ಋಣ ಆವೇಶ ಉಂಗುರದೊಳಗೆ ಹರಡುವುದೇ ಇಲ್ಲ, ಬರೆದು ನೋಡಿ. ಕಾರಣ ಹೈಬ್ರಿಡೈಸೇಶನ್: ಉಂಗುರದ ಕಾರ್ಬನ್ sp², ಮೀಥೈಲ್‌ನದ್ದು sp³. s ಪಾಲು ಹೆಚ್ಚಿದ್ದಷ್ಟೂ ಕಾರ್ಬನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಹೆಚ್ಚು ಎಳೆಯುತ್ತದೆ. ಆ ಎಳೆತ ಸಿಗ್ಮಾ ಬಂಧದ ಮೂಲಕ ಬರುವ ಇಂಡಕ್ಟಿವ್ ಪರಿಣಾಮವೇ.