ಎರಡು ಚಕ್ರಗಳು ಸಾಗುವ ಬೀಮ್‌ನಲ್ಲಿ ಅತಿ ಹೆಚ್ಚಿನ ಬೆಂಡಿಂಗ್ ಮೊಮೆಂಟ್ ನಡುವಿನಲ್ಲೇ ಏಕೆ ಬರುವುದಿಲ್ಲ?

ಪ್ರಶ್ನೆ: 10 ಮೀಟರ್ ಸ್ಪ್ಯಾನಿನ ಸಿಂಪ್ಲಿ ಸಪೋರ್ಟೆಡ್ ಬೀಮ್ ಮೇಲೆ 120 ಮತ್ತು 80 ಕಿಲೋನ್ಯೂಟನ್‌ನ ಎರಡು ಚಕ್ರಗಳು 3 ಮೀಟರ್ ಅಂತರದಲ್ಲಿ ಸಾಗುತ್ತವೆ. ದೊಡ್ಡ ಚಕ್ರವನ್ನು ಸರಿಯಾಗಿ ನಡುವೆ ಇಟ್ಟಾಗ ನನಗೆ 380 ಬಂತು, ಆದರೆ ಕೊಟ್ಟಿರುವ ಉತ್ತರ 387.2. ನಡುವಿಗಿಂತ ಹೆಚ್ಚು ಬೇರೆಡೆ ಬರುವುದು ಹೇಗೆ?

ನಿಮ್ಮ 380 ತಪ್ಪಲ್ಲ, ಆದರೆ ಅದು ಬೇರೊಂದು ಪ್ರಶ್ನೆಯ ಉತ್ತರ. ಬೀಮ್‌ನ ನಟ್ಟನಡುವಿನ ಸೆಕ್ಷನ್ ಒಂದನ್ನೇ ನೋಡುತ್ತಾ ಕುಳಿತು, ಚಕ್ರಗಳು ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅಲ್ಲಿ ಕಾಣುವ ಅತಿ ದೊಡ್ಡ ಮೊಮೆಂಟ್ ಎಷ್ಟು ಎಂದು ಕೇಳಿದರೆ 380 ಕಿಲೋನ್ಯೂಟನ್-ಮೀಟರ್ ಎನ್ನಬೇಕು. ಯಾವ ಸೆಕ್ಷನ್‌ನಲ್ಲಾದರೂ ಸರಿ, ಯಾವ ಗಳಿಗೆಯಲ್ಲಾದರೂ ಸರಿ, ಅತಿ ಹೆಚ್ಚು ಎಷ್ಟು ಎಂದು ಕೇಳಿದರೆ ಮಾತ್ರ 387.2 ಬರುತ್ತದೆ. ಸೆಕ್ಷನ್ ಮತ್ತು ಚಕ್ರಗಳ ಸ್ಥಾನ ಎರಡನ್ನೂ ಒಟ್ಟಿಗೆ ಹುಡುಕಬೇಕಾಗಿರುವುದೇ ಇಲ್ಲಿನ ತೊಡಕು.

ಈ ಹುಡುಕಾಟವನ್ನು ಸುಲಭ ಮಾಡುವ ಸಂಗತಿ ಒಂದಿದೆ. ಬಿಂದು ಭಾರಗಳು ಮಾತ್ರ ಇರುವಾಗ ಮೊಮೆಂಟ್ ಚಿತ್ರವು ಒಂದು ಭಾರದಿಂದ ಮುಂದಿನ ಭಾರದವರೆಗೆ ನೇರ ಗೆರೆಯಾಗಿರುತ್ತದೆ. ಆದ್ದರಿಂದ ಅದರ ತುದಿ ಯಾವಾಗಲೂ ಯಾವುದೋ ಒಂದು ಚಕ್ರದ ಕೆಳಗೇ ಇರುತ್ತದೆ. ಹೀಗಾಗಿ ಇಡೀ ಬೀಮ್ ಹುಡುಕುವ ಬದಲು, ದೊಡ್ಡ ಚಕ್ರ ಸಾಗುತ್ತಿರುವಾಗ ಅದರ ಕೆಳಗಿನ ಮೊಮೆಂಟ್ ಎಲ್ಲಿ ಹೆಚ್ಚುತ್ತದೆ ಎಂದು ನೋಡಿದರೆ ಸಾಕು. ಎರಡು ಭಾರಗಳ ಫಲಿತ ಬಲ R = 200 ಕಿಲೋನ್ಯೂಟನ್, ಅದು ದೊಡ್ಡ ಚಕ್ರದಿಂದ c = 80×3/200 = 1.2 ಮೀಟರ್ ದೂರದಲ್ಲಿ, ಸಣ್ಣ ಚಕ್ರದ ಕಡೆಗೆ ಇದೆ. ದೊಡ್ಡ ಚಕ್ರವು ಎಡ ಸಪೋರ್ಟಿನಿಂದ x ದೂರದಲ್ಲಿದ್ದು, ಸಣ್ಣದು ಅದರ ಬಲಕ್ಕಿದ್ದರೆ, ಎಡ ರಿಯಾಕ್ಷನ್ R(L − x − c)/L ಆಗುತ್ತದೆ. ದೊಡ್ಡ ಚಕ್ರದ ಎಡಕ್ಕೆ ಬೇರೆ ಭಾರವಿಲ್ಲದ ಕಾರಣ ಅದರ ಕೆಳಗಿನ ಮೊಮೆಂಟ್ ಇಷ್ಟು ಸರಳ:

M = R · x · (L − x − c) / L

ಇಲ್ಲಿ ಡೆರಿವೇಟಿವ್ ಹಿಡಿಯುವ ಅಗತ್ಯವೂ ಇಲ್ಲ. x ಮತ್ತು (L − x − c) ಇವೆರಡನ್ನು ಕೂಡಿಸಿದರೆ ಯಾವಾಗಲೂ L − c, ಅಂದರೆ 8.8 ಮೀಟರ್. ಮೊತ್ತ ಬದಲಾಗದ ಎರಡು ಸಂಖ್ಯೆಗಳ ಗುಣಲಬ್ಧ ಅವು ಸಮವಾದಾಗ ಅತಿ ಹೆಚ್ಚು. ಆದ್ದರಿಂದ ಎರಡೂ 4.4 ಆಗಬೇಕು. ಎಡ ಸಪೋರ್ಟಿನಿಂದ ದೊಡ್ಡ ಚಕ್ರ ಎಷ್ಟು ದೂರವೋ, ಬಲ ಸಪೋರ್ಟಿನಿಂದ ಫಲಿತ ಬಲವೂ ಅಷ್ಟೇ ದೂರ ಎಂಬುದೇ ಇದರ ಅರ್ಥ. ಚಕ್ರ ಮತ್ತು ಫಲಿತ ಬಲದ ನಡುವಣ ಅಂತರವನ್ನು ಸ್ಪ್ಯಾನಿನ ಮಧ್ಯಬಿಂದು ಸಮಭಾಗ ಮಾಡಬೇಕು ಎಂದು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಿಯಮ ಹುಟ್ಟಿದ್ದು ಇಲ್ಲಿಂದಲೇ.

ಈಗ ದೊಡ್ಡ ಚಕ್ರ 4.4 ಮೀಟರ್‌ನಲ್ಲಿ, ಫಲಿತ ಬಲ 5.6ರಲ್ಲಿ, ಸಣ್ಣ ಚಕ್ರ 7.4ರಲ್ಲಿ ಇವೆ. ಎಡ ರಿಯಾಕ್ಷನ್ 200×4.4/10 = 88, ಮೊಮೆಂಟ್ 88×4.4 = 387.2. ಇದೇ ಸ್ಥಿತಿಯಲ್ಲಿ ನಟ್ಟನಡುವೆ ಎಷ್ಟಿದೆ ನೋಡಿ: 88×5 − 120×0.6 = 368, ಅಂದರೆ ನಿಮ್ಮ 380ಕ್ಕಿಂತಲೂ ಕಡಿಮೆ. ಚಕ್ರವನ್ನು ನಡುವಿನಿಂದ 60 ಸೆಂಟಿಮೀಟರ್ ಹಿಂದಕ್ಕೆ ಸರಿಸಿದಾಗ ನಡುವಿನ ಮೊಮೆಂಟ್ ಇಳಿಯಿತು, ಚಕ್ರದ ಕೆಳಗಿನದು ಏರಿತು. ಸಣ್ಣ ಚಕ್ರದ ಕೆಳಗೂ ಇದೇ ರೀತಿ ಲೆಕ್ಕ ಹಾಕಿದರೆ (ಅದು 5.9 ಮೀಟರ್‌ನಲ್ಲಿ, ಫಲಿತ ಬಲ 4.1ರಲ್ಲಿ) 82×4.1 = 336.2 ಮಾತ್ರ ಬರುವುದರಿಂದ ಅದನ್ನು ಬಿಡಬಹುದು.

ನಿಮ್ಮ ಉತ್ತರಕ್ಕೂ ಇದಕ್ಕೂ ಇರುವ 7.2ರ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೂ ತಿಳಿದಿರಲಿ. ಸರಿಯಾದ ಸ್ಥಾನದಿಂದ ಚಕ್ರ δ ದೂರ ತಪ್ಪಿದರೆ ಮೊಮೆಂಟ್‌ನಲ್ಲಿ ಆಗುವ ಕೊರತೆ Rδ²/L, ಇಲ್ಲಿ 20×0.36 = 7.2. ವರ್ಗದ ಲೆಕ್ಕವಾದ್ದರಿಂದ ಸಣ್ಣ ತಪ್ಪಿಗೆ ಬೀಳುವ ದಂಡವೂ ಸಣ್ಣದು. ನಿಮ್ಮದು ಶೇ. 2ಕ್ಕಿಂತ ಕಡಿಮೆ, ಉದ್ದ ಸ್ಪ್ಯಾನಿನಲ್ಲಿ ಚಕ್ರವನ್ನು ನಡುವೆ ಇಟ್ಟು ಲೆಕ್ಕ ಮಾಡಿದವರ ಬೀಮ್ ಅದೊಂದೇ ಕಾರಣಕ್ಕೆ ಮುರಿದು ಬೀಳುವುದಿಲ್ಲ.

ನಿಜವಾಗಿ ಎಡವುವುದು ಗಿಡ್ಡ ಸ್ಪ್ಯಾನಿನಲ್ಲಿ, ಅದೂ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವರೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶೆಡ್ ಒಂದರ ಗ್ಯಾಂಟ್ರಿ ಗರ್ಡರ್‌ಗಳಿಗೆ ಎಕ್ಸೆಲ್ ಶೀಟ್ ಮಾಡಿ, ಎಲ್ಲ ಸ್ಪ್ಯಾನ್‌ಗಳಿಗೂ ಇದೇ ಸೂತ್ರ ಹಾಕಿಬಿಟ್ಟಿದ್ದೆ. ತುದಿಯ ಗಿಡ್ಡ ಗರ್ಡರಿನ ಸಾಲಿಗೆ ಹಿರಿಯರೊಬ್ಬರು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಎರಡನೇ ಚಕ್ರ ಗರ್ಡರ್ ಬಿಟ್ಟು ಹೋದ ಮೇಲೆ ಏನಾಗುತ್ತದೆ ಎಂದು ಕೇಳಿದರು. ನಾನು ಅದನ್ನು ನೋಡಿಯೇ ಇರಲಿಲ್ಲ.

ನಿಮ್ಮ ಚಕ್ರಗಳನ್ನೇ 5 ಮೀಟರ್ ಸ್ಪ್ಯಾನಿನ ಮೇಲೆ ಓಡಿಸಿ ನೋಡಿ. ನಿಯಮದ ಪ್ರಕಾರ ದೊಡ್ಡ ಚಕ್ರ 1.9ರಲ್ಲಿ, ಸಣ್ಣದು 4.9ರಲ್ಲಿ, ಎರಡೂ ಬೀಮ್ ಮೇಲೆಯೇ ಇವೆ, ಲೆಕ್ಕ ಚೊಕ್ಕವಾಗಿ ಕಾಣುತ್ತದೆ, ಮೊಮೆಂಟ್ 144.4. ಆದರೆ ದೊಡ್ಡ ಚಕ್ರ ಇನ್ನೂ ಮುಂದೆ ಸಾಗಿ 2.5 ಮೀಟರ್‌ಗೆ ಬಂದಾಗ ಸಣ್ಣದು ಆಗಲೇ ಬೀಮ್‌ನಿಂದ ಇಳಿದುಹೋಗಿರುತ್ತದೆ, ನಡುವೆ ನಿಂತ ಒಂಟಿ ಚಕ್ರ PL/4 = 120×5/4 = 150 ಕೊಡುತ್ತದೆ. ಅಂದರೆ ಒಂದು ಚಕ್ರ ಎರಡನ್ನೂ ಮೀರಿಸಿತು. ಎರಡೂ ಚಕ್ರ ಬೀಮ್ ಮೇಲೆ ಹಿಡಿಸುತ್ತವೆಯೇ ಎಂದಷ್ಟೇ ಪರೀಕ್ಷಿಸುವವರು ಸಿಕ್ಕಿಬೀಳುವುದು ಇಂಥಲ್ಲಿ. ಸ್ಪ್ಯಾನ್ ಇನ್ನೂ ಗಿಡ್ಡವಾಗಿ 4 ಮೀಟರ್ ಆದರೆ ನಿಯಮವು ಸಣ್ಣ ಚಕ್ರವನ್ನು 4.4 ಮೀಟರ್‌ನಲ್ಲಿ, ಗಾಳಿಯಲ್ಲಿ, ನಿಲ್ಲಿಸುತ್ತದೆ. ಆಗ ತಪ್ಪು ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ. ಈ ಜೋಡಿಗೆ ಗಡಿ ಸುಮಾರು 5.32 ಮೀಟರ್: ಅದಕ್ಕಿಂತ ಗಿಡ್ಡವಾದರೆ ಒಂಟಿ ಚಕ್ರ, ಉದ್ದವಾದರೆ ಎರಡೂ. ಚಕ್ರಗಳು ಸಮನಾಗಿದ್ದರೆ ಅವುಗಳ ಅಂತರ ಸ್ಪ್ಯಾನಿನ 0.586 ಭಾಗ ದಾಟಿದಾಗ ಒಂಟಿ ಚಕ್ರದ ಲೆಕ್ಕ ಗೆಲ್ಲುತ್ತದೆ. ಕ್ರೇನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಹಳಿಯ ಮೇಲಿನ ಎರಡು ಚಕ್ರಗಳನ್ನು ಸಮವೆಂದೇ ಹಿಡಿಯುವುದರಿಂದ ನಾನು ಈಗ ಶೀಟಿನಲ್ಲಿ ಎರಡೂ ಲೆಕ್ಕ ಹಾಕಿಸಿ ದೊಡ್ಡದನ್ನು ತೆಗೆದುಕೊಳ್ಳುತ್ತೇನೆ.

ಇದನ್ನು ವಿನ್ಯಾಸಕ್ಕೆ ಬಳಸುವುದಾದರೆ ಇನ್ನೊಂದು ಅನುಮಾನ ಬರಬಹುದು: ಬೀಮ್‌ನ ಸ್ವಂತ ತೂಕದ ಮೊಮೆಂಟ್ ನಟ್ಟನಡುವೆ ಹೆಚ್ಚು, ಚಕ್ರದ್ದು 4.4ರಲ್ಲಿ ಹೆಚ್ಚು, ಕೂಡಿಸುವುದು ಹೇಗೆ? ಮೀಟರ್‌ಗೆ 2 ಕಿಲೋನ್ಯೂಟನ್ ಎಂದಿಟ್ಟುಕೊಂಡರೆ ನಡುವೆ 25, 4.4ರಲ್ಲಿ 24.64. ಈ ವ್ಯತ್ಯಾಸಕ್ಕಾಗಿ ತಲೆ ಕೆಡಿಸಿಕೊಳ್ಳದೆ 25ನ್ನೇ ಸೇರಿಸಿ. ವಿದ್ಯುತ್ ಚಾಲಿತ ಓವರ್‌ಹೆಡ್ ಕ್ರೇನ್‌ಗೆ IS 875 ಹೇಳುವ ಶೇ. 25ರ ಇಂಪ್ಯಾಕ್ಟ್ ಚಕ್ರದ ಭಾರಕ್ಕೆ ಮಾತ್ರ, ಸ್ವಂತ ತೂಕಕ್ಕಲ್ಲ. ಹಾಗಾಗಿ ಇಂಥ ಕ್ರೇನಿನ ಗರ್ಡರ್ ಆಗಿದ್ದರೆ 387.2×1.25 = 484, ಅದಕ್ಕೆ 25 ಸೇರಿ 509 ಕಿಲೋನ್ಯೂಟನ್-ಮೀಟರ್. ಲೋಡ್ ಫ್ಯಾಕ್ಟರ್ ಇದರ ಮೇಲೆ ಬರಬೇಕು.