ನಾಲಿಗೆ ಎಡವಿದ ಜಾಗ

"ಸರ್, ಕತೆಯನ್ನು ಆರು ಸಲ ತಿದ್ದಿದ್ದೇನೆ. ಆದರೂ ಗೆಳತಿ ಓದಿ 'ಎಲ್ಲೋ ಕುಂಟುತ್ತೆ ಕಣೇ' ಅಂದಳು. ಎಲ್ಲಿ ಅಂತ ನನಗೆ ಕಾಣುತ್ತಿಲ್ಲ."

ಆರು ಸಲವೂ ಕಣ್ಣಲ್ಲೇ ಓದಿದ್ದೀರಿ, ಅಲ್ವಾ? ನಿನ್ನೆ ಆಫೀಸಿನಲ್ಲಿ ನಿಮ್ಮ ಮೊದಲ ಪ್ಯಾರಾವನ್ನು ಗಟ್ಟಿಯಾಗಿ ಓದಿದೆ:

"ಅವಳು ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದಳು. ಅವಳು ಸುತ್ತಲೂ ನೋಡಿದಳು. ಅವಳು ತನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಅವಳು ನಿಟ್ಟುಸಿರು ಬಿಟ್ಟಳು. ಯಾರೂ ಬಂದಿರಲಿಲ್ಲ."

ಮೂರನೇ 'ಳು' ಬರುವಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಬೆರಳಲ್ಲಿ ತಾಳ ಹಾಕುತ್ತಿದ್ದರು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಹಾಗಾಗಿ ಗಿಡ್ಡ ವಾಕ್ಯಗಳನ್ನು ಸಾಲಾಗಿ ಇಟ್ಟರೆ ಎಲ್ಲವೂ ಒಂದೇ ಸದ್ದಿನಲ್ಲಿ ಮುಗಿಯುತ್ತವೆ. 'ಇಳಿದಳು' ಅಂದಮೇಲೆ ಅವಳು ಅದರಲ್ಲೇ ಇದ್ದಾಳೆ, ಮತ್ತೆ ಮತ್ತೆ 'ಅವಳು' ಯಾಕೆ? ಹಾಗಂತ 'ಇಳಿದು, ನೋಡಿ, ಹಾಕಿಕೊಂಡು, ನಿಟ್ಟುಸಿರು ಬಿಟ್ಟಳು' ಅಂತ ಪೋಣಿಸಬೇಡಿ. ಜಾಸ್ತಿ ಜನ ಮಾಡುವುದು ಅದನ್ನೇ, ಅದು ಇನ್ನೊಂದು ಥರದ ರಾಗ. ನಾನು ಹೀಗೆ ಮಾಡಿ ನೋಡಿದೆ: "ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಸುತ್ತ ನೋಡಿದಳು. ಯಾರೂ ಬಂದಿರಲಿಲ್ಲ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು." ನಡುವಿನ ವಾಕ್ಯ ಬೇರೆ ಸದ್ದಿನಲ್ಲಿ ಮುಗಿದದ್ದಕ್ಕೆ ತಾಳ ತಪ್ಪಿತು. ನಿಟ್ಟುಸಿರು ಬೇಕೇ ಆಗಲಿಲ್ಲ.

ಇನ್ನೊಂದು ಕಡೆ ನಾನೇ ಎಡವಿದೆ. "ಊರಿನಿಂದ ಬಂದ ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬ ಇದ್ದ ಬ್ಯಾಗು ಭಾರವಾಗಿತ್ತು." ಊರಿಂದ ಬಂದದ್ದು ಅಮ್ಮನಾ, ಡಬ್ಬವಾ, ಬ್ಯಾಗಾ? ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ತಿಳಿಯದೆ ಎರಡು ಸಲ ಹಿಂದಕ್ಕೆ ಹೋದೆ. ನಾಮಪದ ಬರುವ ಮುಂಚೆ 'ಬಂದ, ಕೊಟ್ಟಿದ್ದ, ಇದ್ದ' ಅಂತ ಮೂರು ಸೇರಿದರೆ ಒಡೆಯಿರಿ: "ಬ್ಯಾಗು ಭಾರವಾಗಿತ್ತು. ಹೊರಡುವಾಗ ಅಮ್ಮ ಚಟ್ನಿಪುಡಿ ಡಬ್ಬ ತುರುಕಿದ್ದಳು."

ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಬಾಗಿಲು ಹಾಕಿಕೊಂಡು ಓದಿ. ನಾಲಿಗೆ ತೊಡರಿದಲ್ಲಿ, ಉಸಿರು ಸಾಲದಿದ್ದಲ್ಲಿ, ಬೋರಾದಲ್ಲಿ ಅಂಚಿನಲ್ಲಿ ಗೀರು ಹಾಕಿ ಮುಂದಕ್ಕೆ ಹೋಗಿ. ಅಲ್ಲೇ ನಿಂತು ತಿದ್ದಲು ಕೂತರೆ ಮುಂದಿನ ಪ್ಯಾರಾದ ಲಯ ಕಿವಿಗೆ ಬೀಳುವುದಿಲ್ಲ. ನಾಟಕದ ಧ್ವನಿ ಬೇಡ, ದನಿ ಏರಿಸಿ ಇಳಿಸಿ ಓದಿದರೆ ಕೆಟ್ಟ ವಾಕ್ಯವೂ ಚೆನ್ನಾಗಿ ಕೇಳಿಸುತ್ತದೆ. ನಾನೂ ಮೊದಲೆಲ್ಲಾ ಹಾಗೇ ಮೋಸ ಹೋಗಿದ್ದೇನೆ. ಆಮೇಲೆ ಆ ಗೆಳತಿಯ ಕೈಗೆ ಕೊಟ್ಟು ಓದಿಸಿ, ನೀವು ಸುಮ್ನೆ ಕೇಳಿ. ನೀವು ಮನಸ್ಸಿನಲ್ಲೇ ಹಾಕಿಕೊಂಡ ಅಲ್ಪವಿರಾಮ ಅವರಿಗೆ ಗೊತ್ತಿರುವುದಿಲ್ಲ, ಅವರು ತಡವರಿಸಿದರೆ ಅಲ್ಲೂ ಒಂದು ಗೀರು.

ಕತೆಯ ಕೊನೆಯಲ್ಲಿ ಅವಳು ಇದ್ದಕ್ಕಿದ್ದಂತೆ ವಾಪಸ್ ಊರಿಗೆ ಹೊರಡುತ್ತಾಳಲ್ಲ, ಅದು ಎಷ್ಟು ಗಟ್ಟಿಯಾಗಿ ಓದಿದರೂ ಸರಿಹೋಗುವುದಿಲ್ಲ. ಅದು ಕತೆಯದೇ ತೊಂದರೆ, ಬೇರೆ ಕೂತು ಮಾತಾಡೋಣ. ಹಾಂ, ಎರಡನೇ ಪುಟದಲ್ಲಿ ಮನೆ ಓನರ್ ಆರು ಸಲ 'ನೋಡಮ್ಮಾ' ಅನ್ನುತ್ತಾನೆ. ಅದನ್ನು ಮಾತ್ರ ಮುಟ್ಟಬೇಡಿ. ಅಡ್ವಾನ್ಸ್ ಕೇಳುವವರು ಹಾಗೇ ಮಾತಾಡುತ್ತಾರೆ.